ಎರಡು ರೂಪಾಯಿ ಗೆಲ್ಲಲು ಮುಕ್ಕಾಲು ರೂಪಾಯಿ: ಸಣ್ಣ ಇಂಟ್ರಾಡೇ ವಹಿವಾಟಿನ ಪೂರ್ತಿ ಲೆಕ್ಕ

ಚಿಕ್ಕಪ್ಪನ ಮಗ ಒಂದು ನೋಟ್‌ಬುಕ್ ತಂದು ನನ್ನ ಮುಂದಿಟ್ಟ. ಒಂದು ತಿಂಗಳಲ್ಲಿ ತಾನು ಮಾಡಿದ ಪ್ರತಿಯೊಂದು ಇಂಟ್ರಾಡೇ ವಹಿವಾಟನ್ನೂ, ಅಂದರೆ ಕೊಂಡ ಷೇರನ್ನು ಅದೇ ದಿನ ಮಾರಿದ್ದನ್ನೆಲ್ಲ, ಅದರಲ್ಲಿ ಬರೆದಿಟ್ಟಿದ್ದ. ದಿನಕ್ಕೆ ನಾಲ್ಕು, ಇಪ್ಪತ್ತು ದಿನ, ಒಟ್ಟು 80 ವಹಿವಾಟು. ಪ್ರತಿ ಸಲವೂ ಸುಮಾರು 500 ರೂಪಾಯಿ ಬೆಲೆಯ ಒಂದೇ ಷೇರನ್ನು 100ರ ಲೆಕ್ಕದಲ್ಲಿ ಕೊಂಡು, ಎರಡು ರೂಪಾಯಿ ಏರಿದರೆ ಲಾಭಕ್ಕೆ, ಎರಡು ರೂಪಾಯಿ ಇಳಿದರೆ ನಷ್ಟಕ್ಕೆ ಮಾರಿ ಹೊರಬರುವುದು ಅವನ ಕ್ರಮ. 46 ಸಲ ಗೆದ್ದಿದ್ದ, 34 ಸಲ ಸೋತಿದ್ದ. ಗೆಲುವಿನಿಂದ 9,200 ರೂಪಾಯಿ, ಸೋಲಿನಿಂದ 6,800 ರೂಪಾಯಿ. ಕೊನೆಯ ಪುಟದಲ್ಲಿ 2,400 ರೂಪಾಯಿ ಲಾಭ ಎಂದು ಬರೆದು ಎರಡು ಗೆರೆ ಎಳೆದಿದ್ದ.

ಆದರೆ ತಿಂಗಳ ಆರಂಭದಲ್ಲಿ 50,000 ರೂಪಾಯಿ ಇದ್ದ ಅವನ ಟ್ರೇಡಿಂಗ್ ಖಾತೆಯಲ್ಲಿ ಈಗ ಉಳಿದಿದ್ದದ್ದು 46,400. ನೋಟ್‌ಬುಕ್ ಹೇಳುವುದಕ್ಕೂ ಖಾತೆ ತೋರಿಸುವುದಕ್ಕೂ ನಡುವೆ 6,000 ರೂಪಾಯಿ ವ್ಯತ್ಯಾಸ.

‘ಅಣ್ಣ, ಗೆದ್ದದ್ದೇ ಹೆಚ್ಚು. ಬ್ರೋಕರ್ ಏನಾದರೂ ತಪ್ಪು ಮಾಡಿದ್ದಾನೆಯೇ?’ ಎಂದು ಕೇಳಿದ.

ಬ್ರೋಕರ್ ತಪ್ಪು ಮಾಡಿರಲಿಲ್ಲ. ಎಲ್ಲವೂ ನಿಯಮದ ಪ್ರಕಾರವೇ ಇತ್ತು. ಆ 6,000 ರೂಪಾಯಿ ಎಲ್ಲಿ ಹೋಯಿತೆಂದು ನಾವಿಬ್ಬರೂ ಕುಳಿತು ಹುಡುಕಿದ ಲೆಕ್ಕವನ್ನೇ ಇಲ್ಲಿ ಬಿಡಿಸಿ ಇಡುತ್ತಿದ್ದೇನೆ. ಓದಲು ಸುಲಭವಾಗಲೆಂದು ಅಂಕಿಗಳನ್ನು ಸ್ವಲ್ಪ ದುಂಡಗೆ ಮಾಡಿದ್ದೇನೆ, ಅಷ್ಟೇ.

ಕಣ್ಣಿಗೆ ಕಾಣುವ ವೆಚ್ಚ

ಮೊದಲು ಒಂದೇ ಒಂದು ವಹಿವಾಟನ್ನು ತೆಗೆದುಕೊಳ್ಳೋಣ. 100 ಷೇರು, 500 ರೂಪಾಯಿಗೆ ಖರೀದಿ, 502ಕ್ಕೆ ಮಾರಾಟ. ಕೊಂಡ ಮೊತ್ತ 50,000, ಮಾರಿದ ಮೊತ್ತ 50,200. ಎರಡೂ ಸೇರಿ 1,00,200 ರೂಪಾಯಿ ವಹಿವಾಟು. ಲಾಭ 200 ರೂಪಾಯಿ.

ಬ್ರೋಕರೇಜ್ ಮೊದಲು. ಆನ್‌ಲೈನ್ ಡಿಸ್ಕೌಂಟ್ ಬ್ರೋಕರ್‌ಗಳಲ್ಲಿ ಇಂಟ್ರಾಡೇಗೆ ಹೆಚ್ಚು ಬಳಕೆಯಲ್ಲಿರುವ ದರವೆಂದರೆ ಪ್ರತಿ ಆರ್ಡರ್‌ಗೆ ಶೇ 0.03 ಅಥವಾ 20 ರೂಪಾಯಿ, ಇವೆರಡರಲ್ಲಿ ಯಾವುದು ಕಡಿಮೆಯೋ ಅದು. 50,000ಕ್ಕೆ ಶೇ 0.03 ಎಂದರೆ 15 ರೂಪಾಯಿ. ಕೊಳ್ಳುವಾಗ ಒಮ್ಮೆ, ಮಾರುವಾಗ ಒಮ್ಮೆ, ಒಟ್ಟು 30 ರೂಪಾಯಿ 6 ಪೈಸೆ.

ಆಮೇಲೆ ಷೇರು ವಹಿವಾಟು ತೆರಿಗೆ, ಅಂದರೆ ಎಸ್‌ಟಿಟಿ. 2004ರಲ್ಲಿ ಜಾರಿಗೆ ಬಂದ ಈ ತೆರಿಗೆ ಲಾಭದ ಮೇಲೆ ಬೀಳುವುದಿಲ್ಲ, ವಹಿವಾಟಿನ ಮೊತ್ತದ ಮೇಲೆ ಬೀಳುತ್ತದೆ. ನೀವು ಸೋತರೂ ಕಟ್ಟಬೇಕು. ಇಂಟ್ರಾಡೇಯಲ್ಲಿ ಮಾರಾಟದ ಮೊತ್ತಕ್ಕೆ ಮಾತ್ರ ಶೇ 0.025. ಇಲ್ಲಿ ಅದು 12 ರೂಪಾಯಿ 55 ಪೈಸೆ. ಖರೀದಿಯ ಮೊತ್ತದ ಮೇಲೆ ಶೇ 0.003 ಮುದ್ರಾಂಕ ಶುಲ್ಕವಿದೆ, ಅದು ಒಂದೂವರೆ ರೂಪಾಯಿ. ಎನ್‌ಎಸ್‌ಇ ತನ್ನ ವಹಿವಾಟು ಶುಲ್ಕವನ್ನು 2024ರ ಅಕ್ಟೋಬರ್ 1ರಿಂದ ಎಲ್ಲರಿಗೂ ಒಂದೇ ದರಕ್ಕೆ ತಂದಿತು. ಒಂದು ಲಕ್ಷಕ್ಕೆ 2 ರೂಪಾಯಿ 97 ಪೈಸೆಯಂತೆ ಎರಡೂ ಕಡೆಗೆ ಸೇರಿ 2 ರೂಪಾಯಿ 98 ಪೈಸೆ. ಸೆಬಿಯ ಶುಲ್ಕ ಕೋಟಿಗೆ 10 ರೂಪಾಯಿ, ನಮ್ಮ ಲೆಕ್ಕದಲ್ಲಿ 10 ಪೈಸೆ. ಕೊನೆಯದಾಗಿ ಬ್ರೋಕರೇಜ್, ವಿನಿಮಯ ಕೇಂದ್ರದ ಶುಲ್ಕ ಮತ್ತು ಸೆಬಿ ಶುಲ್ಕ ಈ ಮೂರರ ಮೇಲೆ ಶೇ 18 ಜಿಎಸ್‌ಟಿ, ಅದು 5 ರೂಪಾಯಿ 96 ಪೈಸೆ.

ಕೂಡಿಸಿದರೆ 53 ರೂಪಾಯಿ 15 ಪೈಸೆ. ಷೇರೊಂದಕ್ಕೆ ಸುಮಾರು 53 ಪೈಸೆ. 50,000 ರೂಪಾಯಿಯ ಮುಂದೆ ಇದು ಶೇ 0.1 ಮಾತ್ರ, ಯಾರ ಕಣ್ಣಿಗೂ ಚುಚ್ಚುವ ಅಂಕಿಯಲ್ಲ. ಆದರೆ ಅದನ್ನು ಅಳೆಯಬೇಕಾದದ್ದು 50,000ದ ಎದುರಿಗಲ್ಲ, 200 ರೂಪಾಯಿ ಲಾಭದ ಎದುರಿಗೆ. ಹಾಗೆ ನೋಡಿದರೆ ಗೆದ್ದ ವಹಿವಾಟಿನ ಕಾಲು ಭಾಗಕ್ಕಿಂತ ಹೆಚ್ಚು ಅಲ್ಲಿಯೇ ಹೋಯಿತು. ಶೇಕಡಾ ಲೆಕ್ಕದಲ್ಲಿ ಶುಲ್ಕಗಳನ್ನು ತೋರಿಸುವ ರೂಢಿಯೇ ಹೊಸಬರನ್ನು ಹೆಚ್ಚಾಗಿ ದಾರಿ ತಪ್ಪಿಸುತ್ತದೆ ಎಂಬುದು ನನ್ನ ಅನಿಸಿಕೆ. ವೆಚ್ಚವನ್ನು ಷೇರಿಗೆ ಇಷ್ಟು ಪೈಸೆ ಎಂದು ಬರೆದು, ನಾವು ಹಿಡಿಯಲು ಹೊರಟ ಏರಿಳಿತದ ಪಕ್ಕದಲ್ಲಿ ಇಟ್ಟರೆ ಮಾತ್ರ ಅದರ ನಿಜವಾದ ಗಾತ್ರ ಗೊತ್ತಾಗುತ್ತದೆ.

ಸೋತ ದಿನವೂ ಇದೇ 53 ರೂಪಾಯಿ ಹೋಗುತ್ತದೆ. ಹಾಗಾಗಿ 80 ವಹಿವಾಟಿಗೆ 4,240 ರೂಪಾಯಿ. ಬ್ರೋಕರ್ ಹುಡುಗನಿಗೆ ಕಳುಹಿಸಿದ ವಹಿವಾಟಿನ ರಸೀದಿಗಳಾದ ಕಾಂಟ್ರ್ಯಾಕ್ಟ್ ನೋಟ್‌ಗಳನ್ನು ಒಂದೊಂದಾಗಿ ಕೂಡಿಸಿದಾಗ ಈ ಮೊತ್ತ ಸರಿಯಾಗಿ ಸಿಕ್ಕಿತು. ಆದರೆ ನಾವು ಹುಡುಕುತ್ತಿದ್ದದ್ದು 6,000. ಇನ್ನೂ 1,760 ರೂಪಾಯಿ ಸಿಕ್ಕಿರಲಿಲ್ಲ.

ಯಾವ ರಸೀದಿಯಲ್ಲಿಯೂ ಇಲ್ಲದ ವೆಚ್ಚ

ಆ 1,760 ರೂಪಾಯಿ ಯಾವ ಕಾಗದದಲ್ಲಿಯೂ ಶುಲ್ಕವೆಂದು ನಮೂದಾಗಿರುವುದಿಲ್ಲ. ನೋಟ್‌ಬುಕ್‌ನಲ್ಲಿ ಅವನು ಬರೆದುಕೊಂಡಿದ್ದು ಬಟನ್ ಒತ್ತುವ ಕ್ಷಣದಲ್ಲಿ ಪರದೆಯ ಮೇಲೆ ಕಂಡ ಬೆಲೆ. ಕಾಂಟ್ರ್ಯಾಕ್ಟ್ ನೋಟ್‌ನಲ್ಲಿ ಇದ್ದದ್ದು ನಿಜವಾಗಿ ಕೈಗೆ ಸಿಕ್ಕ ಬೆಲೆ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದೆವು. ಕೊಂಡಾಗಲೆಲ್ಲ ಕೆಲವು ಪೈಸೆ ಹೆಚ್ಚು ಕೊಟ್ಟಿದ್ದ, ಮಾರಿದಾಗಲೆಲ್ಲ ಕೆಲವು ಪೈಸೆ ಕಡಿಮೆ ಪಡೆದಿದ್ದ.

ಕಾರಣ, ಕೊಳ್ಳುವವರು ಮತ್ತು ಮಾರುವವರು ಯಾವ ಬೆಲೆಗೆ ಎಷ್ಟು ಷೇರಿಗೆ ನಿಂತಿದ್ದಾರೆಂದು ತೋರಿಸುವ ಪಟ್ಟಿ, ಅಂದರೆ ಆರ್ಡರ್ ಬುಕ್‌ನಲ್ಲಿದೆ. ಪರದೆಯ ಮೇಲೆ ‘500’ ಎಂದು ಕಂಡರೂ ಆ ಬೆಲೆಗೆ ಮಾರುವವರು ಅಲ್ಲಿ ಇರಬೇಕೆಂದೇನೂ ಇಲ್ಲ. ಒಂದು ಕ್ಷಣದಲ್ಲಿ ಪುಸ್ತಕ ಹೀಗಿದೆ ಎಂದುಕೊಳ್ಳಿ. ಕೊಳ್ಳುವವರಲ್ಲಿ ಅತಿ ಹೆಚ್ಚು ಕೊಡುವವನು 499.95ಕ್ಕೆ ನಿಂತಿದ್ದಾನೆ. ಮಾರುವವರ ಕಡೆ 500.05ಕ್ಕೆ 40 ಷೇರು, 500.10ಕ್ಕೆ 30, 500.20ಕ್ಕೆ 30 ಇವೆ. ನೀವು 100 ಷೇರಿಗೆ ಮಾರ್ಕೆಟ್ ಆರ್ಡರ್, ಅಂದರೆ ಸಿಕ್ಕ ಬೆಲೆಗೆ ಕೊಳ್ಳುವ ಆರ್ಡರ್ ಹಾಕಿದರೆ ಮೊದಲ 40 ಅಗ್ಗವಾಗಿ ಸಿಗುತ್ತವೆ, ಆಮೇಲೆ ಒಂದೊಂದೇ ಮೆಟ್ಟಿಲು ಹತ್ತಬೇಕು. 40 ಷೇರಿಗೆ 20,002, ಮುಂದಿನ 30ಕ್ಕೆ 15,003, ಕೊನೆಯ 30ಕ್ಕೆ 15,006. ಒಟ್ಟು 50,011. ಸರಾಸರಿ ಬೆಲೆ 500.11.

ಎನ್‌ಎಸ್‌ಇ ‘ಇಂಪ್ಯಾಕ್ಟ್ ಕಾಸ್ಟ್’ ಎಂದು ಕರೆಯುವುದು ಇದನ್ನೇ. ಅತ್ಯುತ್ತಮ ಖರೀದಿ ಬೆಲೆ ಮತ್ತು ಅತ್ಯುತ್ತಮ ಮಾರಾಟ ಬೆಲೆ ಇವೆರಡರ ಸರಾಸರಿಯನ್ನು ಆದರ್ಶ ಬೆಲೆ ಎಂದು ಹಿಡಿಯುತ್ತಾರೆ. ಇಲ್ಲಿ ಅದು 500. ಒಂದು ನಿರ್ದಿಷ್ಟ ಗಾತ್ರದ ಆರ್ಡರ್ ಆ ಆದರ್ಶ ಬೆಲೆಯಿಂದ ಎಷ್ಟು ದೂರ ಸರಿಯಿತು ಎಂಬುದೇ ಇಂಪ್ಯಾಕ್ಟ್ ಕಾಸ್ಟ್. ನಮ್ಮ ಉದಾಹರಣೆಯಲ್ಲಿ 11 ಪೈಸೆ, ಅಂದರೆ ಶೇ 0.022. ನಿಫ್ಟಿ 50ರಲ್ಲಿ ಸೇರಲು ಒಂದು ಷೇರಿಗೆ ಇರುವ ಅರ್ಹತೆಗಳಲ್ಲಿಯೂ ಇದು ಒಂದು: 10 ಕೋಟಿ ರೂಪಾಯಿಯ ಬುಟ್ಟಿಗೆ, ಆರು ತಿಂಗಳ ಅವಲೋಕನಗಳಲ್ಲಿ ಶೇ 90ರಷ್ಟರಲ್ಲಿ, ಸರಾಸರಿ ಇಂಪ್ಯಾಕ್ಟ್ ಕಾಸ್ಟ್ ಶೇ 0.50 ಅಥವಾ ಅದಕ್ಕಿಂತ ಕಡಿಮೆ ಇರಬೇಕು. ದೊಡ್ಡ ಹೂಡಿಕೆದಾರರ ಜಗತ್ತು ಇಷ್ಟು ಗಂಭೀರವಾಗಿ ಅಳೆಯುವ ವೆಚ್ಚವನ್ನು ದಿನಕ್ಕೆ ನಾಲ್ಕು ಸಲ ಕೊಂಡು ಮಾರುವ ಸಣ್ಣ ವ್ಯಕ್ತಿ ಒಮ್ಮೆಯೂ ಅಳೆಯದೆ ಬಿಡುವುದು ನನಗೆ ನೋವಿನ ಸಂಗತಿಯಾಗಿ ಕಾಣುತ್ತದೆ.

ಕೊಳ್ಳುವಾಗ 11 ಪೈಸೆ, ಮಾರುವಾಗ ಇನ್ನೊಂದು 11 ಪೈಸೆ. 100 ಷೇರಿಗೆ 22 ರೂಪಾಯಿ. ಅದನ್ನು 80ರಿಂದ ಗುಣಿಸಿದರೆ 1,760. ಕಳೆದುಹೋದ ಹಣ ಸಿಕ್ಕಿತು.

ಹಾಗಾದರೆ ಮಾರ್ಕೆಟ್ ಆರ್ಡರ್ ಬಿಟ್ಟು, ಬೆಲೆಯನ್ನು ನಾವೇ ಗೊತ್ತುಮಾಡುವ ಲಿಮಿಟ್ ಆರ್ಡರ್ ಹಾಕಿದರೆ ಸಾಲದೇ ಎಂಬ ಪ್ರಶ್ನೆ ಸಹಜ. ಸ್ವಲ್ಪ ಉಳಿಯುತ್ತದೆ, ಆದರೆ ವೆಚ್ಚ ಅಲ್ಲಿ ವೇಷ ಬದಲಿಸಿ ಬರುತ್ತದೆ. 499.95ಕ್ಕೆ ಖರೀದಿಯ ಆರ್ಡರ್ ಇಟ್ಟು ಕಾಯುತ್ತಿದ್ದೀರಿ ಎನ್ನಿ. ಬೆಲೆ ಅಲ್ಲಿಂದ ಜಿಗಿದು 502ಕ್ಕೆ ಹೋದರೆ ನಿಮಗೆ ಷೇರು ಸಿಗುವುದೇ ಇಲ್ಲ, ಗೆಲ್ಲಬೇಕಾಗಿದ್ದ ವಹಿವಾಟು ಕೈತಪ್ಪುತ್ತದೆ. ಬೆಲೆ 498ಕ್ಕೆ ಕುಸಿದರೆ ದಾರಿಯಲ್ಲಿ ನಿಮ್ಮ ಆರ್ಡರ್ ಖಂಡಿತ ಭರ್ತಿಯಾಗುತ್ತದೆ. ಕಾದು ಕುಳಿತವನ ಪಾಲಿಗೆ ಸೋಲುವ ವಹಿವಾಟುಗಳು ಒಂದೂ ತಪ್ಪದೆ ಬರುತ್ತವೆ, ಗೆಲ್ಲುವವು ಆಗಾಗ ತಪ್ಪುತ್ತವೆ. ಪೈಸೆ ಉಳಿದರೂ ಗೆಲುವಿನ ಪ್ರಮಾಣ ಇಳಿಯುತ್ತದೆ. ಇನ್ನು ನಷ್ಟ ತಡೆಯಲು ಇಡುವ ಸ್ಟಾಪ್ ಲಾಸ್ ಆರ್ಡರ್ ಕೆಲಸ ಮಾಡುವುದೇ ಬೆಲೆ ವೇಗವಾಗಿ ಬೀಳುತ್ತಿರುವಾಗ. ಆಗ ಕೊಳ್ಳುವವರ ಸಾಲು ತೆಳುವಾಗಿರುತ್ತದೆ. 11 ಪೈಸೆ ಎಂದು ನಾನು ಹಿಡಿದದ್ದು ಶಾಂತವಾದ ಹೊತ್ತಿನ ಅಂಕಿ. ಪೇಟೆ ತೆರೆದ ಮೊದಲ ಕೆಲವು ನಿಮಿಷಗಳಲ್ಲಿ ಅಥವಾ ಸುದ್ದಿಯೊಂದು ಬಂದ ಕ್ಷಣದಲ್ಲಿ ಅದು ಎಷ್ಟೋ ಪಟ್ಟು ಹೆಚ್ಚಿರಬಹುದು.

ಶೇ 50 ಅಲ್ಲ, ಶೇ 69

ಈಗ ಒಂದು ವಹಿವಾಟಿನ ಒಟ್ಟು ವೆಚ್ಚ 53 ಮತ್ತು 22 ಸೇರಿ 75 ರೂಪಾಯಿ. ಗೆದ್ದಾಗ ಕೈಗೆ ಬರುವುದು 200ರಲ್ಲಿ 75 ಕಳೆದು 125. ಸೋತಾಗ ಕೈಯಿಂದ ಹೋಗುವುದು 200ಕ್ಕೆ 75 ಕೂಡಿ 275. ಎರಡು ರೂಪಾಯಿ ಲಾಭ, ಎರಡು ರೂಪಾಯಿ ನಷ್ಟ, ಸರಿಸಮ ಆಟ ಎಂದು ಕಂಡದ್ದು ನಿಜದಲ್ಲಿ 125ಕ್ಕೆ 275ನ್ನು ಪಣವಾಗಿ ಇಡುವ ಆಟ.

ಇಂಥ ಆಟದಲ್ಲಿ ಅಸಲು ಉಳಿಯಬೇಕಾದರೆ ನೂರಕ್ಕೆ ಎಷ್ಟು ಸಲ ಗೆಲ್ಲಬೇಕು? 125 ಮತ್ತು 275 ಕೂಡಿಸಿದರೆ 400. ಸೋಲಿನ ಮೊತ್ತವಾದ 275ನ್ನು 400ರಿಂದ ಭಾಗಿಸಿ, ಉತ್ತರ ಶೇ 68.75. ಹುಡುಗ ಗೆದ್ದದ್ದು 80ರಲ್ಲಿ 46, ಶೇ 57.5. ವೆಚ್ಚವೇ ಇಲ್ಲದಿದ್ದರೆ ಅದು ಒಳ್ಳೆಯ ಮೇಲುಗೈ, ಪ್ರತಿ ವಹಿವಾಟಿಗೆ ಸರಾಸರಿ 30 ರೂಪಾಯಿ ಗಳಿಕೆ. ಆದರೆ 30 ಗಳಿಸಲು 75 ಖರ್ಚು ಮಾಡುತ್ತಿದ್ದ. ಪ್ರತಿ ಸಲ 45 ರೂಪಾಯಿ ಕೈಬಿಡುತ್ತಿತ್ತು. ಅದನ್ನು 80ರಿಂದ ಗುಣಿಸಿದರೆ 3,600, ಖಾತೆಯಿಂದ ಕರಗಿದ್ದ ಮೊತ್ತ ಅದೇ.

ಮೇಲುಗೈ ಇರುವವನು ಹೆಚ್ಚು ಸಲ ಆಡಿದಷ್ಟೂ ಒಳ್ಳೆಯದು ಎಂಬ ಮಾತಿದೆ. ಅದು ವೆಚ್ಚ ಕಳೆದ ಮೇಲೂ ಮೇಲುಗೈ ಉಳಿದಿದ್ದರೆ ಮಾತ್ರ ನಿಜ. ಉಳಿಯದಿದ್ದರೆ ಹೆಚ್ಚು ಸಲ ಆಡಿದಷ್ಟೂ ಹೆಚ್ಚು ಖಚಿತವಾಗಿ ಸೋಲುತ್ತೇವೆ. ತಿಂಗಳಿಗೆ 6,000 ಎಂದರೆ 50,000 ಬಂಡವಾಳದ ಶೇ 12. ಇಂಟ್ರಾಡೇಗೆ ವಹಿವಾಟಿನ ಮೊತ್ತದ ಕನಿಷ್ಠ ಶೇ 20ರಷ್ಟು ಹಣವನ್ನು ಮಾರ್ಜಿನ್ ಆಗಿ ಇಟ್ಟರೆ ಸಾಕಾಗುವ ಷೇರುಗಳಿವೆ, ಅಲ್ಲಿ ಇದೇ ವಹಿವಾಟನ್ನು 10,000 ರೂಪಾಯಿ ಇಟ್ಟುಕೊಂಡವರೂ ಮಾಡಬಹುದು. ಅವರಿಗೂ ತಿಂಗಳ ವೆಚ್ಚ 6,000 ರೂಪಾಯಿಯೇ, ಅಂದರೆ ಬಂಡವಾಳದ ಶೇ 60. ಸಾಲದ ಬಲದಿಂದ ವಹಿವಾಟು ದೊಡ್ಡದಾಗುತ್ತದೆ, ಶುಲ್ಕವೆಲ್ಲ ಆ ದೊಡ್ಡ ವಹಿವಾಟಿನ ಮೇಲೆಯೇ ಬೀಳುತ್ತದೆ, ಕೊಡುವುದು ಮಾತ್ರ ನಮ್ಮ ಸಣ್ಣ ಗಂಟಿನಿಂದ.

ಇದು ಒಬ್ಬ ಹುಡುಗನ ಕಥೆಯಲ್ಲ. ಸೆಬಿ 2024ರ ಜುಲೈನಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ 2022–23ರಲ್ಲಿ ನಗದು ವಿಭಾಗದಲ್ಲಿ ಇಂಟ್ರಾಡೇ ಮಾಡಿದ ಹತ್ತು ಮಂದಿ ವೈಯಕ್ತಿಕ ವಹಿವಾಟುದಾರರಲ್ಲಿ ಏಳು ಮಂದಿ ನಷ್ಟ ಅನುಭವಿಸಿದ್ದರು. ವರ್ಷಕ್ಕೆ 500ಕ್ಕಿಂತ ಹೆಚ್ಚು ವಹಿವಾಟು ಮಾಡಿದವರಲ್ಲಿ ಈ ಪ್ರಮಾಣ ಶೇ 80ಕ್ಕೆ ಏರಿತ್ತು. ನಷ್ಟ ಮಾಡಿಕೊಂಡವರು ತಮ್ಮ ವಹಿವಾಟಿನ ನಷ್ಟದ ಮೇಲೆ ಇನ್ನೂ ಶೇ 57ರಷ್ಟು ಮೊತ್ತವನ್ನು ವಹಿವಾಟು ವೆಚ್ಚಕ್ಕೆ ತೆತ್ತಿದ್ದರು. ಲಾಭ ಮಾಡಿದವರ ಲಾಭದಲ್ಲಿಯೂ ಶೇ 19ರಷ್ಟು ವೆಚ್ಚಕ್ಕೇ ಹೋಗಿತ್ತು. ದಿನಕ್ಕೆ ನಾಲ್ಕರಂತೆ ನಡೆದರೆ ನಮ್ಮ ಹುಡುಗ ವರ್ಷಕ್ಕೆ 960 ವಹಿವಾಟಿನವನು. 500ರ ಗೆರೆಯನ್ನು ಆರೂವರೆ ತಿಂಗಳಿನೊಳಗೇ ದಾಟುತ್ತಾನೆ.

ಗಾತ್ರ ಹೆಚ್ಚಿಸಿದರೆ?

ಲೆಕ್ಕ ನೋಡಿದ ಮೇಲೆ ಅವನಿಗೆ ಹೊಳೆದ ಮೊದಲ ಉಪಾಯ, ಆರ್ಡರ್ ದೊಡ್ಡದು ಮಾಡುವುದು. ಬ್ರೋಕರೇಜ್ 20 ರೂಪಾಯಿಗಿಂತ ಮೇಲೆ ಏರುವುದಿಲ್ಲವಲ್ಲ. 1,000 ಷೇರು ಕೊಂಡರೆ ಷೇರಿಗೆ ಬೀಳುವ ಶುಲ್ಕ ಇಳಿಯಬೇಕು. ಅವನು ಹೇಳಿದ್ದು ಅರ್ಧ ಸರಿ. ಐದು ಲಕ್ಷದ ವಹಿವಾಟಿಗೆ ಬ್ರೋಕರೇಜ್ 40, ಎಸ್‌ಟಿಟಿ 125.50, ಉಳಿದೆಲ್ಲ ಸೇರಿ ಒಟ್ಟು 224 ರೂಪಾಯಿ. ಷೇರಿಗೆ 53 ಪೈಸೆ ಇದ್ದದ್ದು ಸುಮಾರು 22 ಪೈಸೆಗೆ ಇಳಿಯಿತು.

ಆದರೆ ಆರ್ಡರ್ ಬುಕ್ ಅಷ್ಟು ಉದಾರವಾಗಿಲ್ಲ. ಮೊದಲ ಮೂರು ಮೆಟ್ಟಿಲಲ್ಲಿ ಇದ್ದದ್ದೇ 100 ಷೇರು. ಉಳಿದ 900ಕ್ಕಾಗಿ 500.30, 500.40 ಎಂದು ಮೇಲೇರುತ್ತಲೇ ಹೋಗಬೇಕು. ಸರಾಸರಿ 500.35ಕ್ಕೆ ನಿಂತಿತು ಎಂದುಕೊಂಡರೂ ಒಂದು ಕಡೆಗೆ 35 ಪೈಸೆ, ಎರಡೂ ಕಡೆಗೆ 70 ಪೈಸೆ. ಶುಲ್ಕದ 22 ಸೇರಿ 92 ಪೈಸೆ. 100 ಷೇರಿನ ಸಣ್ಣ ಆರ್ಡರ್‌ಗೆ ತಗುಲಿದ್ದ 75 ಪೈಸೆಗಿಂತ ಇದೇ ದುಬಾರಿ. ಗಾತ್ರ ಹೆಚ್ಚಿದಂತೆ ಬ್ರೋಕರೇಜಿನ ಭಾರ ಇಳಿಯುತ್ತದೆ, ಇಂಪ್ಯಾಕ್ಟ್ ಕಾಸ್ಟ್ ಏರುತ್ತದೆ, ಎಸ್‌ಟಿಟಿ ಮಾತ್ರ ಷೇರಿಗೆ ಹನ್ನೆರಡೂವರೆ ಪೈಸೆಯಂತೆ ಅಲುಗಾಡದೆ ನಿಲ್ಲುತ್ತದೆ. ಮೆಟ್ಟಿಲು ಮೆಟ್ಟಿಲಿಗೂ ಸಾವಿರಾರು ಷೇರು ನಿಂತಿರುವ ದೊಡ್ಡ ಕಂಪನಿಗಳ ಷೇರಿನಲ್ಲಿ ಗಾತ್ರ ಹೆಚ್ಚಿಸುವುದರಿಂದ ಲಾಭವಿದೆ. ತೆಳುವಾದ ಷೇರಿನಲ್ಲಿ ಇಲ್ಲ. ತಾನು ಕೊಳ್ಳುವ ಷೇರು ಯಾವ ಬಗೆಯದೆಂದು ಆರ್ಡರ್ ಹಾಕುವ ಮುನ್ನ ಮಾರುಕಟ್ಟೆಯ ಆಳ ತೋರಿಸುವ ಐದು ಸಾಲುಗಳನ್ನು ನೋಡಿದರೆ ಗೊತ್ತಾಗುತ್ತದೆ.

ತೀರಾ ಸಣ್ಣ ಆರ್ಡರ್‌ನಲ್ಲಿ ಬೇರೆಯೇ ಬಲೆ ಇದೆ. ಕೆಲವು ಕಡೆ ಶೇಕಡಾವಾರು ದರವಿಲ್ಲ, ಆರ್ಡರ್ ಎಷ್ಟೇ ಇರಲಿ 20 ರೂಪಾಯಿ. ಅಲ್ಲಿ 5,000 ರೂಪಾಯಿಯ ವಹಿವಾಟಿಗೆ ಎರಡು ಆರ್ಡರ್‌ನ 40 ರೂಪಾಯಿ, ಅದರ ಜಿಎಸ್‌ಟಿ 7.20, ಒಟ್ಟು 47.20. ಇದು ಶೇ 0.94. ಬ್ರೋಕರೇಜ್ ಒಂದರಿಂದಲೇ 500 ರೂಪಾಯಿಯ ಷೇರು 4 ರೂಪಾಯಿ 72 ಪೈಸೆ ಏರಿದ ಮೇಲೆ ಅಸಲು ಬರುತ್ತದೆ. ‘20 ರೂಪಾಯಿ ಮಾತ್ರ’ ಎಂಬ ಜಾಹೀರಾತು ಯಾರಿಗೆ ಅಗ್ಗ, ಯಾರಿಗೆ ತುಟ್ಟಿ ಎಂಬುದು ಆರ್ಡರ್‌ನ ಗಾತ್ರದ ಮೇಲೆ ನಿಂತಿದೆ.

ಏರಿಳಿತದ ಅಳತೆ

ವೆಚ್ಚವನ್ನು ಇಳಿಸುವುದಕ್ಕೆ ಮಿತಿ ಇದೆ. ಹಾಗಾಗಿ ಇನ್ನೊಂದು ಕಡೆ ನೋಡಬೇಕು. ಪ್ರತಿ ವಹಿವಾಟಿನಲ್ಲಿ ಹಿಡಿಯಲು ಹೊರಟ ಏರಿಳಿತ ಎಷ್ಟು? ವೆಚ್ಚ ಅದೇ 75 ಪೈಸೆ ಇದ್ದು, ಗುರಿ ಮತ್ತು ಸ್ಟಾಪ್ ಲಾಸ್ ಎರಡೂ ಒಂದು ರೂಪಾಯಿ ಇದ್ದರೆ ಗೆದ್ದಾಗ 25, ಸೋತಾಗ 175. ಅಸಲು ಉಳಿಯಲು ನೂರಕ್ಕೆ 87.5 ಸಲ ಗೆಲ್ಲಬೇಕು. ಎರಡು ರೂಪಾಯಿ ಇದ್ದರೆ 68.75. ಹತ್ತು ರೂಪಾಯಿ ಇದ್ದರೆ ಗೆಲುವು 925, ಸೋಲು 1,075, ಆಗ 53.75 ಸಲ ಗೆದ್ದರೆ ಸಾಕು. ಅದೇ ಮನುಷ್ಯ, ಅದೇ ಶುಲ್ಕ, ಅದೇ ಷೇರು. ಒಂದು ಕಡೆ ದಾಟಲಾಗದ ಗೋಡೆ, ಇನ್ನೊಂದು ಕಡೆ ದಾಟಬಹುದಾದ ಹೊಸ್ತಿಲು.

ಆದರೆ ಹತ್ತು ರೂಪಾಯಿಯ ಏರಿಳಿತ ಸುಮ್ಮನೆ ಬರುವುದಿಲ್ಲ, ಕಾಯಬೇಕು. ಷೇರು ಬೆಲೆಯ ಏರಿಳಿತ ಸ್ಥೂಲವಾಗಿ ಕಾಲದ ವರ್ಗಮೂಲದಂತೆ ಬೆಳೆಯುತ್ತದೆ. ಐದು ಪಟ್ಟು ದೂರ ಸರಿಯಲು ಸುಮಾರು ಇಪ್ಪತ್ತೈದು ಪಟ್ಟು ಹೊತ್ತು ಬೇಕು. ಎರಡು ರೂಪಾಯಿ ಸರಿಯಲು ಈ ಷೇರಿಗೆ ಹತ್ತು ನಿಮಿಷ ಬೇಕಿದ್ದರೆ ಹತ್ತು ರೂಪಾಯಿ ಸರಿಯಲು 250 ನಿಮಿಷ. ಬೆಳಿಗ್ಗೆ 9.15ರಿಂದ ಮಧ್ಯಾಹ್ನ 3.30ರವರೆಗೆ ಪೇಟೆ ತೆರೆದಿರುವುದೇ 375 ನಿಮಿಷ. ಅಂದರೆ ದಿನಕ್ಕೆ ನಾಲ್ಕು ವಹಿವಾಟಿನ ಮಾತೇ ಇಲ್ಲ, ಒಂದು ಸಿಕ್ಕರೆ ಸಿಕ್ಕಿತು. ಕಡಿಮೆ ವಹಿವಾಟು ಮಾಡಿ ಎಂಬ ಸಲಹೆಯನ್ನು ಮನಸ್ಸಿನ ಸಂಯಮದ ಪಾಠವಾಗಿ ಹೇಳುತ್ತಾರೆ. ಅದಕ್ಕಿಂತ ಮೊದಲು ಅದು ಗುಣಾಕಾರ ಭಾಗಾಕಾರದ ಮಾತು.

ವರ್ಷದ ಕೊನೆಯ ತೆರಿಗೆ

ಎಸ್‌ಟಿಟಿ ಕಟ್ಟಿದ ಮೇಲೆಯೂ ಆದಾಯ ತೆರಿಗೆ ಉಂಟು. ಷೇರಿನ ಇಂಟ್ರಾಡೇ ಲಾಭವನ್ನು ಕಾನೂನು ಸಟ್ಟಾ ವ್ಯಾಪಾರದ ಆದಾಯವೆಂದು ಕಾಣುತ್ತದೆ. ನಿಮ್ಮ ಉಳಿದ ಆದಾಯಕ್ಕೆ ಕೂಡಿಸಿ ಸ್ಲ್ಯಾಬ್ ಪ್ರಕಾರ ತೆರಿಗೆ. ಬ್ರೋಕರೇಜ್, ಎಸ್‌ಟಿಟಿ ಮುಂತಾದವನ್ನು ಖರ್ಚೆಂದು ಕಳೆಯಲು ಅವಕಾಶವಿದೆ, ಅಷ್ಟು ಸಮಾಧಾನ. ತೊಂದರೆ ಇರುವುದು ನಷ್ಟದ ಕಡೆ. ಇಂಟ್ರಾಡೇ ನಷ್ಟವನ್ನು ಸಂಬಳದಿಂದಾಗಲಿ, ಷೇರು ಇಟ್ಟುಕೊಂಡು ಮಾರಿದ ಬಂಡವಾಳ ಲಾಭದಿಂದಾಗಲಿ ಕಳೆಯುವಂತಿಲ್ಲ. ಇಂಥದೇ ಸಟ್ಟಾ ಲಾಭ ಮುಂದೆ ಬಂದರೆ ಅದರಿಂದ ಮಾತ್ರ ಕಳೆಯಬಹುದು, ಅದೂ ನಾಲ್ಕು ವರ್ಷಗಳವರೆಗೆ, ರಿಟರ್ನ್ ಗಡುವಿನೊಳಗೆ ಸಲ್ಲಿಸಿದ್ದರೆ.

ಇದರ ಪರಿಣಾಮ ನೋಡಿ. ಈ ತಿಂಗಳಂತೆಯೇ ವರ್ಷವಿಡೀ ನಡೆದರೆ ಇಂಟ್ರಾಡೇ ನಷ್ಟ 43,200 ರೂಪಾಯಿ. ಅದೇ ವರ್ಷ ಅವನು ಬೇರೆ ಷೇರುಗಳನ್ನು ಕೆಲವು ತಿಂಗಳು ಇಟ್ಟುಕೊಂಡು ಮಾರಿ 50,000 ರೂಪಾಯಿ ಅಲ್ಪಾವಧಿ ಲಾಭ ಗಳಿಸಿದ ಎನ್ನಿ. ಪೇಟೆಯಿಂದ ಅವನಿಗೆ ನಿಜವಾಗಿ ಬಂದದ್ದು 6,800 ಮಾತ್ರ. ಆದರೆ ಸಂಬಳ ವಿನಾಯಿತಿ ಮಿತಿಯನ್ನು ದಾಟಿದವನಾದ್ದರಿಂದ ಆ 50,000ಕ್ಕೆ ಶೇ 20ರ ದರದಲ್ಲಿ 10,000, ಸೆಸ್ ಸೇರಿ 10,400 ರೂಪಾಯಿ ತೆರಿಗೆ ಕಟ್ಟಬೇಕು. ಲಾಭಕ್ಕಿಂತ ತೆರಿಗೆಯೇ ದೊಡ್ಡದು.

ಮೇಲುಗೈ ಇದೆಯೇ ಎಂದು ತಿಳಿಯುವ ಬೆಲೆ

ಎಲ್ಲ ಲೆಕ್ಕವೂ ಮುಗಿದ ಮೇಲೆ ಹುಡುಗ ಕೇಳಿದ, ‘ಆದರೆ ಅಣ್ಣ, 57.5 ಅಂತೂ ನನ್ನದೇ ಅಲ್ಲವೇ? ಹತ್ತು ರೂಪಾಯಿಯ ಗುರಿ ಇಟ್ಟರೆ ಅದು ಸಾಕಲ್ಲ?’

ಸಾಕು, ಅದು ನಿಜವಾಗಿ ಅವನದೇ ಆಗಿದ್ದರೆ ಮತ್ತು ಹತ್ತು ರೂಪಾಯಿಯ ದೂರದಲ್ಲಿಯೂ ಹಾಗೆಯೇ ಉಳಿದರೆ. ಆಗ ಪ್ರತಿ ವಹಿವಾಟಿಗೆ 150 ಗಳಿಸಿ 75 ಖರ್ಚು ಮಾಡಿ 75 ಉಳಿಸುತ್ತಾನೆ. ಆದರೆ 80 ಸಲ ನಾಣ್ಯ ಚಿಮ್ಮಿದರೂ 46 ಅಥವಾ ಅದಕ್ಕಿಂತ ಹೆಚ್ಚು ಸಲ ನಾವು ಮೊದಲೇ ಹೇಳಿದ ಮುಖವೇ ಬೀಳುವ ಸಾಧ್ಯತೆ ಒಂಬತ್ತರಲ್ಲಿ ಒಂದರಷ್ಟಿದೆ. ಏನೂ ಗೊತ್ತಿಲ್ಲದ ಒಂಬತ್ತು ಮಂದಿ ಇದನ್ನು ಮಾಡಿದರೆ ಅವರಲ್ಲಿ ಒಬ್ಬನ ನೋಟ್‌ಬುಕ್ ಇವನ ನೋಟ್‌ಬುಕ್‌ನಂತೆಯೇ ಕಾಣುತ್ತದೆ. ವೆಚ್ಚ ಖಚಿತ, ಮೇಲುಗೈ ಇನ್ನೂ ಅಂದಾಜು.

ಶೇ 57.5 ಎಂಬುದು ಅದೃಷ್ಟವೋ ಅಲ್ಲವೋ ಎಂದು ತಕ್ಕಮಟ್ಟಿಗೆ ಬೇರ್ಪಡಿಸಲು ಸುಮಾರು 180 ವಹಿವಾಟುಗಳಾದರೂ ಬೇಕು. 100 ಷೇರಿನಂತೆ ಮಾಡಿದರೆ ಇಷ್ಟನ್ನು ತಿಳಿಯುವುದಕ್ಕೇ 13,500 ರೂಪಾಯಿ ವೆಚ್ಚ. ಅದನ್ನೇ 10 ಷೇರಿನಂತೆ ಮಾಡಿದರೆ? ಅವನ ಬ್ರೋಕರ್ ಶೇ 0.03ರ ದರದವನು. 5,000 ರೂಪಾಯಿಯ ವಹಿವಾಟಿಗೆ ಶುಲ್ಕಗಳು 5 ರೂಪಾಯಿ 30 ಪೈಸೆಯ ಆಸುಪಾಸು. 10 ಷೇರು ಮೊದಲ ಮೆಟ್ಟಿಲಲ್ಲಿಯೇ ಸಿಗುವುದರಿಂದ ಇಂಪ್ಯಾಕ್ಟ್ ಕಾಸ್ಟ್ ಎರಡೂ ಕಡೆ ಸೇರಿ 1 ರೂಪಾಯಿ. 180 ವಹಿವಾಟಿಗೆ ಸುಮಾರು 1,134 ರೂಪಾಯಿ. ಆರ್ಡರ್‌ಗೆ 20 ರೂಪಾಯಿ ಕಡ್ಡಾಯವಿರುವ ಖಾತೆಯಲ್ಲಾಗಿದ್ದರೆ ಇದೇ ಪ್ರಯೋಗಕ್ಕೆ ಸುಮಾರು 9,000 ಆಗುತ್ತಿತ್ತು.

ಅವನು ನೋಟ್‌ಬುಕ್‌ನಲ್ಲಿ ಹೊಸ ಪುಟ ತೆರೆದು ಎರಡು ಹೊಸ ಕಾಲಂ ಎಳೆದ. ಒಂದರಲ್ಲಿ ಆರ್ಡರ್ ಹಾಕುವ ಕ್ಷಣದಲ್ಲಿ ಕೊಳ್ಳುವವರ ಮತ್ತು ಮಾರುವವರ ಮೊದಲ ಬೆಲೆಗಳ ಸರಾಸರಿ, ಇನ್ನೊಂದರಲ್ಲಿ ಕಾಂಟ್ರ್ಯಾಕ್ಟ್ ನೋಟ್‌ನಲ್ಲಿ ಬಂದ ಬೆಲೆ. ಷೇರಿನ ಸಂಖ್ಯೆಯ ಜಾಗದಲ್ಲಿ 10 ಎಂದು ಬರೆದ.